ಒಂದೇ ಸಂಖ್ಯೆಯ ಕಾರ್ಡ್, ಪಕ್ಕದಲ್ಲೊಂದು ಬಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿ, ಸೊಸೈಟಿ, ಶಾಲೆ, ಸಣ್ಣ ಆಫೀಸುಗಳಿಗೆ ಡ್ಯಾಶ್‌ಬೋರ್ಡ್ ಮಾಡಿಕೊಡುವವರು ಮತ್ತು ಅದನ್ನು ದಿನಾ ಬೆಳಿಗ್ಗೆ ತೆರೆದು ನೋಡುವವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಅಣೆಕಟ್ಟು ಮತ್ತು ಎಸ್ಸೆಸ್ಸೆಲ್ಸಿ ಅಂಕಿಗಳು ನಿಜವಾದವು. ಅಂಗಡಿ ಮತ್ತು ಮೆಸ್ಸಿನ ಲೆಕ್ಕ ಉದಾಹರಣೆಗೆ ಇಟ್ಟುಕೊಂಡದ್ದು. ನೀರಿನ ಒಳಹರಿವು, ಹೊರಹರಿವಿನ ಲೆಕ್ಕವೂ ಹಾಗೇ.

## ಯಾವ ಕಾರ್ಡ್ ಬಗ್ಗೆ ಹೇಳುತ್ತಿದ್ದೀರಿ?

ಪರದೆಯ ಮೇಲುಗಡೆ ಚೌಕದೊಳಗೆ ದೊಡ್ಡ ಅಕ್ಷರದಲ್ಲಿ "₹ 4.3 ಲಕ್ಷ" ಅಂತ ಇರುತ್ತದೆ. ಅದರ ಕೆಳಗೆ ಸಣ್ಣದಾಗಿ ಹಸಿರು ಬಾಣ, "▲ 12%". ಗೂಗಲ್ ಶೀಟ್ಸ್ ಮತ್ತು ಲುಕರ್ ಸ್ಟುಡಿಯೋದಲ್ಲಿ ಇದಕ್ಕೆ Scorecard ಅಂತ ಹೆಸರು. ಪವರ್ ಬಿಐನಲ್ಲಿ Card ಮತ್ತು KPI, ಗ್ರಾಫಾನಾದಲ್ಲಿ Stat. ಹೆಸರು ಏನೇ ಇದ್ದರೂ ಕೆಲಸ ಒಂದೇ: ಒಂದು ಸಂಖ್ಯೆ ತೋರಿಸಿ, ಅದು ಇನ್ನೊಂದು ಸಂಖ್ಯೆಗಿಂತ ಜಾಸ್ತಿಯೋ ಕಡಿಮೆಯೋ ಅಂತ ಹೇಳುವುದು.

ತಾಪತ್ರಯ ಆ "ಇನ್ನೊಂದು ಸಂಖ್ಯೆ"ಯಲ್ಲಿದೆ. ಅದು ಕಾರ್ಡಿನ ಮೇಲೆ ಕಾಣಿಸುವುದೇ ಇಲ್ಲ.

## ಬಾಣ ಯಾವುದರ ಜೊತೆ ಹೋಲಿಸುತ್ತಿದೆ ಅಂತ ತಿಳಿಯುವುದು ಹೇಗೆ?

ಕಾರ್ಡಿನ ಮೇಲೆ ಬರೆದಿರಬೇಕು. ಬರೆದಿಲ್ಲ ಅಂದರೆ ಮಾಡಿದವರನ್ನೇ ಕೇಳಬೇಕು. ಕಾರ್ಡನ್ನು ದಿಟ್ಟಿಸಿ ನೋಡಿ ಊಹಿಸಲು ಆಗುವುದಿಲ್ಲ.

ಈ ಕೆಲಸವನ್ನು ಚೆನ್ನಾಗಿ ಮಾಡಿರುವ ಜಾಗ ನಮ್ಮ ಪತ್ರಿಕೆಗಳಲ್ಲೇ ಇದೆ. ಮಳೆಗಾಲದಲ್ಲಿ ಬರುವ ಜಲಾಶಯ ಮಟ್ಟದ ಪಟ್ಟಿ ನೋಡಿ. ಕೆಆರ್‌ಎಸ್ ಹೆಸರಿನ ಮುಂದೆ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಎಷ್ಟೋ ಸಲ ಕಳೆದ ವರ್ಷ ಇದೇ ದಿನದ ಮಟ್ಟ ಇರುತ್ತದೆ. ಬಾಣ ಇಲ್ಲ, ಬಣ್ಣ ಇಲ್ಲ. ಆದರೂ ಮಂಡ್ಯದ ರೈತನಿಗೆ ಎರಡು ಸಾಲಿನಲ್ಲಿ ಪರಿಸ್ಥಿತಿ ಅರ್ಥವಾಗುತ್ತದೆ.

ಯಾಕೆ ಅಂದರೆ ಅಲ್ಲಿ ಒಂದು ಸಂಖ್ಯೆಗೆ ಮೂರು ಬೇರೆ ಬೇರೆ ಹೋಲಿಕೆಗಳಿವೆ. ಗರಿಷ್ಠ ಮಟ್ಟದ ಜೊತೆ ಹೋಲಿಸಿದರೆ ತುಂಬಲು ಇನ್ನೆಷ್ಟು ಬಾಕಿ ಅಂತ ಗೊತ್ತಾಗುತ್ತದೆ. ಕಳೆದ ವರ್ಷದ ಇದೇ ದಿನದ ಜೊತೆ ಹೋಲಿಸಿದರೆ ಈ ಋತುವಿನಲ್ಲಿ ನಾವು ಮುಂದಿದ್ದೇವೋ ಹಿಂದಿದ್ದೇವೋ ಅಂತ. ಒಳಹರಿವು, ಹೊರಹರಿವು ನೋಡಿದರೆ ನಾಳೆ ಮಟ್ಟ ಏರುತ್ತದೋ ಇಳಿಯುತ್ತದೋ ಅಂತ. ಇದೇ ಪಟ್ಟಿಯನ್ನು ಆ್ಯಪ್‌ಗೆ ಹಾಕುವಾಗ ಯಾರೋ ಒಬ್ಬರು "ಚೆಂದ ಕಾಣಲಿ" ಅಂತ ಒಂದು ಮಟ್ಟ, ಒಂದು ಬಾಣ ಉಳಿಸಿ ಮಿಕ್ಕಿದ್ದನ್ನು ತೆಗೆದುಬಿಡುತ್ತಾರೆ. ಆಗ ನಿನ್ನೆಗಿಂತ ಕಾಲು ಅಡಿ ಏರಿತು ಅನ್ನುವುದಷ್ಟೇ ಉಳಿಯುತ್ತದೆ. ಜುಲೈನಲ್ಲಿ ಕಾಲು ಅಡಿ ಏರುವುದು ಸುದ್ದಿಯೇ ಅಲ್ಲ. ಮಾರ್ಚ್‌ನಲ್ಲಿ ಏರಿದರೆ ಎಲ್ಲರೂ ಎದ್ದು ಕೂರಬೇಕು!

## ಕಳೆದ ವರ್ಷದ ಇದೇ ದಿನಕ್ಕೆ ಹೋಲಿಸಿದರೆ ಸಾಕಲ್ವಾ?

ಋತು ನೋಡಿಕೊಂಡು ಏರಿಳಿಯುವ ಸಂಖ್ಯೆಗೆ ಅದು ಒಳ್ಳೆಯ ಆರಂಭ. ಆದರೆ ಕಳೆದ ವರ್ಷವೇ ಸರಿ ಇರಲಿಲ್ಲ ಅಂದರೆ?

2023ರಲ್ಲಿ ರಾಜ್ಯದಲ್ಲಿ ಬರ ಇತ್ತು. ಆ ವರ್ಷ ಕೆಆರ್‌ಎಸ್ ತುಂಬಲೇ ಇಲ್ಲ. 2024ರ ಜುಲೈನಲ್ಲಿ ತುಂಬಿತು. ಹಾಗಾಗಿ 2024ರ ಮಳೆಗಾಲದಲ್ಲಿ "ಕಳೆದ ವರ್ಷಕ್ಕಿಂತ" ಅನ್ನುವ ಬಾಣ ಭರ್ಜರಿ ಹಸಿರಾಗಿತ್ತು. ಮಳೆ ಚೆನ್ನಾಗಿ ಆದದ್ದು ನಿಜ. ಆದರೆ ಬಾಣದ ಉದ್ದಕ್ಕೆ ಅರ್ಧ ಕಾರಣ 2023ರ ಕೊರತೆ. ಮಾರನೇ ವರ್ಷ ಇದರ ಉಲ್ಟಾ. 2024ರಂಥ ತುಂಬಿದ ವರ್ಷಕ್ಕೆ ಹೋಲಿಸಿದಾಗ, ಸಾಧಾರಣವಾಗಿ ಒಳ್ಳೆಯ ವರ್ಷ ಕೂಡ ಬಾಣದಲ್ಲಿ ಸಪ್ಪೆಯಾಗಿ ಕಾಣಬಹುದು.

ಕೇಂದ್ರ ಜಲ ಆಯೋಗದವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಅವರ ಜಲಾಶಯ ಬುಲೆಟಿನ್‌ನಲ್ಲಿ ಇಂದಿನ ಸಂಗ್ರಹವನ್ನು ಕಳೆದ ವರ್ಷಕ್ಕೂ ಹೋಲಿಸುತ್ತಾರೆ, ಹಿಂದಿನ 10 ವರ್ಷಗಳ ಇದೇ ದಿನದ ಸರಾಸರಿಗೂ ಹೋಲಿಸುತ್ತಾರೆ. ಆ ಸರಾಸರಿಯನ್ನು "ಸಾಮಾನ್ಯ" ಅಂತ ಕರೆಯುತ್ತಾರೆ. ಎರಡೂ ಒಂದೇ ಕಡೆ ತೋರಿಸಿದರೆ ನಂಬಬಹುದು. ಒಂದು ಮೇಲೆ, ಒಂದು ಕೆಳಗೆ ತೋರಿಸಿದರೆ ಕಳೆದ ವರ್ಷದಲ್ಲೇ ಏನೋ ವಿಶೇಷ ಇತ್ತು ಅಂತ ಅರ್ಥ.

ನಿಮ್ಮ ಅಂಗಡಿಗೆ 10 ವರ್ಷದ ಲೆಕ್ಕ ಸಿಗದೇ ಇರಬಹುದು. ಮೂರು ವರ್ಷ ಇದ್ದರೆ ಮೂರರ ಸರಾಸರಿ ಹಾಕಿ. ಕೋವಿಡ್ ವರ್ಷಗಳು ಅದರಲ್ಲಿ ಸೇರಿದ್ದರೆ ಬಿಟ್ಟುಬಿಡಿ, ಬಿಟ್ಟದ್ದನ್ನು ಕಾರ್ಡಿನ ಟಿಪ್ಪಣಿಯಲ್ಲಿ ಬರೆಯಿರಿ.

## ಜಲಾಶಯ ಮಟ್ಟ 100 ಅಡಿಯಿಂದ 110 ಅಡಿಗೆ ಬಂತು. "▲ 10%" ಅಂತ ಹಾಕಬಹುದಾ?

ಬೇಡ. ಲೆಕ್ಕ ಸರಿ ಇದೆ, ಅರ್ಥ ತಪ್ಪು. ಜಲಾಶಯ ಬಾಣಲೆಯ ಹಾಗೆ, ತಳದಲ್ಲಿ ಕಿರಿದು, ಮೇಲೆ ಅಗಲ. ಮೇಲಿನ ಒಂದು ಅಡಿಯಲ್ಲಿ ಹಿಡಿಯುವಷ್ಟು ನೀರು ಕೆಳಗಿನ ಒಂದು ಅಡಿಯಲ್ಲಿ ಹಿಡಿಯುವುದಿಲ್ಲ. ಅಡಿಯಲ್ಲಿ 10% ಏರಿದರೆ ನೀರು 10% ಏರಿತು ಅಂತ ಓದುವವರು ಅಂದುಕೊಳ್ಳುತ್ತಾರೆ. ನಿಜದಲ್ಲಿ ನೀರು ಅದಕ್ಕಿಂತ ತುಂಬಾ ಜಾಸ್ತಿ ಪಾಲು ಏರಿರುತ್ತದೆ.

ಶೇಕಡಾ ಹಾಕಲೇಬೇಕು ಅಂದರೆ ಟಿಎಂಸಿಯಲ್ಲಿ ಹಾಕಿ. ಕೆಆರ್‌ಎಸ್‌ನ ಪೂರ್ಣ ಸಾಮರ್ಥ್ಯ ಸುಮಾರು 49.45 ಟಿಎಂಸಿ. ಇಂದಿನ ಸಂಗ್ರಹವನ್ನು ಅದರಿಂದ ಭಾಗಿಸಿದರೆ "ಶೇ. 62 ತುಂಬಿದೆ" ಅನ್ನುವ ಮಾತಿಗೆ ಅರ್ಥ ಇರುತ್ತದೆ.

ಇನ್ನೊಂದು ಉಪಯೋಗದ ಲೆಕ್ಕ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. ದಿನಕ್ಕೆ 86,400 ಸೆಕೆಂಡ್. ಹಾಗಾಗಿ 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಒಳಹರಿವು 20,000, ಹೊರಹರಿವು 5,000 ಕ್ಯೂಸೆಕ್ ಇದ್ದರೆ ಉಳಿಯುವುದು 15,000. ಅಂದರೆ ದಿನಕ್ಕೆ ಸುಮಾರು 1.3 ಟಿಎಂಸಿ. ಕಾರ್ಡಿನಲ್ಲಿ "ನಿನ್ನೆಗಿಂತ ▲ 1.3 ಟಿಎಂಸಿ" ಅಂತ ಬರೆದರೆ ಓದುವವರು ಮುಂದಿನ ಲೆಕ್ಕ ತಾವೇ ಹಾಕಿಕೊಳ್ಳುತ್ತಾರೆ. ಇಂಥ ಕಡೆ ಶೇಕಡಾಗಿಂತ ನೇರ ವ್ಯತ್ಯಾಸವೇ ವಾಸಿ.

ತಾಪಮಾನಕ್ಕೂ ಇದೇ ಮಾತು. 30 ಡಿಗ್ರಿಯಿಂದ 33 ಡಿಗ್ರಿಗೆ ಹೋದರೆ "10% ಬಿಸಿ ಜಾಸ್ತಿ" ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

## ತಿಂಗಳ ಮೊದಲ ದಿನಗಳಲ್ಲಿ ನಮ್ಮ ಕಾರ್ಡ್ ಯಾವಾಗಲೂ ಕೆಂಪು. ವ್ಯಾಪಾರ ಬಿದ್ದಿದೆಯಾ?

ಬಹುಶಃ ಇಲ್ಲ. ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ದಿನಸಿ ಅಂಗಡಿ. ಜುಲೈ 10ರ ರಾತ್ರಿ ನೋಡಿದರೆ ತಿಂಗಳ ಮಾರಾಟ 4.3 ಲಕ್ಷ. ಕಾರ್ಡ್ ಇದನ್ನು ಜೂನ್ ತಿಂಗಳ ಪೂರ್ತಿ ಮಾರಾಟವಾದ 12 ಲಕ್ಷಕ್ಕೆ ಹೋಲಿಸಿ "▼ 64%" ಅಂತ ತೋರಿಸುತ್ತದೆ. ಹತ್ತು ದಿನವನ್ನು ಮೂವತ್ತು ದಿನದ ಮುಂದೆ ಇಟ್ಟರೆ ಇನ್ನೇನಾಗುತ್ತದೆ? ತಿಂಗಳ ಕೊನೆಗೆ ಬಾಣ ತಾನೇ ಸರಿಹೋಗುತ್ತದೆ, ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಇದನ್ನು ಸರಿ ಮಾಡಲು ಹೋದವರು ಟೂಲ್‌ನಲ್ಲಿ Previous period ಆಯ್ಕೆ ಮಾಡುತ್ತಾರೆ. ಇಲ್ಲಿ ಇನ್ನೊಂದು ತೊಡಕು ಇದೆ. ಸಾಮಾನ್ಯವಾಗಿ ಈ ಆಯ್ಕೆ ಅಷ್ಟೇ ದಿನಗಳನ್ನು ಹಿಂದಕ್ಕೆ ಎಣಿಸುತ್ತದೆ. ಜುಲೈ 1ರಿಂದ 10ರ ಹಿಂದಿನ ಹತ್ತು ದಿನ ಅಂದರೆ ಜೂನ್ 21ರಿಂದ 30. ಆಗಿನ ಮಾರಾಟ 3.4 ಲಕ್ಷ ಇತ್ತು ಅಂದುಕೊಳ್ಳಿ. ಕಾರ್ಡ್ "▲ 26%" ಅಂತ ಕುಣಿಯುತ್ತದೆ. ಆದರೆ ಒಂದು ಕಡೆ ಸಂಬಳ ಕೈಗೆ ಬಂದ ದಿನಗಳು, ಇನ್ನೊಂದು ಕಡೆ ತಿಂಗಳ ಕೊನೆಯ ಬರಿಗೈ ದಿನಗಳು. ದಿನಸಿ ಅಂಗಡಿಗೆ ಈ ಬಾಣ ಪ್ರತಿ ತಿಂಗಳ 10ಕ್ಕೆ ಹಸಿರು, ತಿಂಗಳ ಕೊನೆಗೆ ಆ ಹಸಿರು ಮಾಯ. ಅದು ವ್ಯಾಪಾರವನ್ನು ಅಳೆಯುತ್ತಿಲ್ಲ, ಸಂಬಳದ ತಾರೀಕನ್ನು ಅಳೆಯುತ್ತಿದೆ.

ಸರಿಯಾದ ಹೋಲಿಕೆ ಜುಲೈ 1–10ಕ್ಕೆ ಜೂನ್ 1–10. ಅದು 4.1 ಲಕ್ಷ ಇದ್ದರೆ "▲ 4.9%".

ಒಂದೇ 4.3 ಲಕ್ಷಕ್ಕೆ ಮೂರು ಬಾಣ: ▼ 64%, ▲ 26%, ▲ 4.9%. ಮೂರರ ಲೆಕ್ಕವೂ ಸರಿಯಾಗಿದೆ. ಮಾಲೀಕರಿಗೆ ಬೇಕಾದದ್ದು ಕೊನೆಯದು ಮಾತ್ರ. ನಿಮ್ಮ ಟೂಲ್ ಏನು ಮಾಡುತ್ತಿದೆ ಅಂತ ತಿಳಿಯಲು ಮೊದಲು ಹೋಲಿಕೆಯ ಆರಂಭ ಮತ್ತು ಕೊನೆಯ ತಾರೀಕನ್ನು ಪರದೆಯ ಮೇಲೆ ಬರಿಸಿ ನೋಡಿ. ಸೆಟ್ಟಿಂಗ್ ಹೆಸರು ಓದಿ ನಂಬಬೇಡಿ.

## ಮಾರ್ಚ್‌ನಲ್ಲಿ ಫೆಬ್ರವರಿಗಿಂತ 10% ಜಾಸ್ತಿ ಬಂತು. ಖುಷಿ ಪಡಬಹುದಾ?

ಮಾರ್ಚ್‌ಗೆ 31 ದಿನ, ಫೆಬ್ರವರಿಗೆ 28. ದಿನಗಳೇ 10.7% ಜಾಸ್ತಿ. ದಿನದ ಲೆಕ್ಕಕ್ಕೆ ಇಳಿಸಿದರೆ ನಿಮ್ಮ ವ್ಯಾಪಾರ ಇದ್ದಲ್ಲೇ ಇದೆ, ಒಂಚೂರು ಕಡಿಮೆಯೇ.

ವಾರದ ಕೊನೆಯಲ್ಲಿ ಗಿರಾಕಿ ಜಾಸ್ತಿ ಬರುವ ಜಾಗವಾದರೆ ಇನ್ನೂ ಒಂದು ವಿಷಯ ನೋಡಿ. 2025ರ ಮಾರ್ಚ್ 1 ಶನಿವಾರ. ಹಾಗಾಗಿ ಆ ತಿಂಗಳಲ್ಲಿ ಐದು ಶನಿವಾರ, ಐದು ಭಾನುವಾರ ಬಂದವು. ಫೆಬ್ರವರಿಯಲ್ಲಿ ನಾಲ್ಕು ನಾಲ್ಕು. ಹೋಟೆಲಿಗೆ ಇದು ದೊಡ್ಡ ವ್ಯತ್ಯಾಸ.

ತಿಂಗಳ ಕಾರ್ಡಿಗೆ "ದಿನಕ್ಕೆ ಸರಾಸರಿ" ಹಾಕಿದರೆ ಅರ್ಧ ಸಮಸ್ಯೆ ಹೋಗುತ್ತದೆ. ದಿನದ ಕಾರ್ಡಿಗೆ ನಿನ್ನೆಯ ಬದಲು ಕಳೆದ ವಾರದ ಇದೇ ದಿನಕ್ಕೆ ಹೋಲಿಸಿ, ಸೋಮವಾರಕ್ಕೆ ಸೋಮವಾರ. ವರ್ಷದ ಹಿಂದಿನ ದಿನ ಬೇಕಾದರೆ 365 ಅಲ್ಲ, 364 ದಿನ ಹಿಂದೆ ಹೋಗಿ. 364 ಅಂದರೆ ಸರಿಯಾಗಿ 52 ವಾರ, ಹಾಗಾಗಿ ವಾರ ಹೊಂದುತ್ತದೆ.

## ಹಬ್ಬದ ತಿಂಗಳುಗಳನ್ನು ಏನು ಮಾಡುವುದು?

ನಮ್ಮ ದೇಶದಲ್ಲಿ "ಕಳೆದ ವರ್ಷ ಇದೇ ತಿಂಗಳು" ಅನ್ನುವ ಬಾಣ ಮುರಿದು ಬೀಳುವುದು ಇಲ್ಲೇ. ಹಬ್ಬ ಚಾಂದ್ರಮಾನದ ಪ್ರಕಾರ ಬರುತ್ತದೆ, ಟೂಲ್ ಇಂಗ್ಲಿಷ್ ಕ್ಯಾಲೆಂಡರ್ ನೋಡುತ್ತದೆ.

2023ರಲ್ಲಿ ನರಕ ಚತುರ್ದಶಿ ನವೆಂಬರ್ 12ಕ್ಕೆ ಬಂತು. 2024ರಲ್ಲಿ ಅಕ್ಟೋಬರ್ 31ಕ್ಕೆ. 2025ರಲ್ಲಿ ಅಕ್ಟೋಬರ್ 20ಕ್ಕೆ. ಬಟ್ಟೆ ಖರೀದಿ ಹಬ್ಬಕ್ಕೆ ಮುಂಚಿನ ಎರಡು ವಾರದಲ್ಲೇ ಮುಗಿಯುತ್ತದೆ. ಅಂದರೆ 2023ರಲ್ಲಿ ದೀಪಾವಳಿ ವ್ಯಾಪಾರದ ಮುಖ್ಯ ಭಾಗ ನವೆಂಬರ್ ಲೆಕ್ಕಕ್ಕೆ ಹೋಯಿತು, 2024ರಲ್ಲಿ ಅಕ್ಟೋಬರ್ ಲೆಕ್ಕಕ್ಕೆ.

ಒಂದು ಬಟ್ಟೆ ಅಂಗಡಿಯ ಲೆಕ್ಕ ಹೀಗಿದೆ ಅಂದುಕೊಳ್ಳಿ:

| | 2023 | 2024 | ಬಾಣ |
|---|---|---|---|
| ಅಕ್ಟೋಬರ್ | 18 ಲಕ್ಷ | 29 ಲಕ್ಷ | ▲ 61% |
| ನವೆಂಬರ್ | 26 ಲಕ್ಷ | 17 ಲಕ್ಷ | ▼ 35% |
| ಎರಡೂ ಸೇರಿ | 44 ಲಕ್ಷ | 46 ಲಕ್ಷ | ▲ 4.5% |

ಅಕ್ಟೋಬರ್ ಕಾರ್ಡ್ ನೋಡಿ ಮಾಲೀಕರು ಹುಡುಗರಿಗೆ ಬೋನಸ್ ಮಾತಾಡುತ್ತಾರೆ. ನವೆಂಬರ್ ಕಾರ್ಡ್ ನೋಡಿ ಮ್ಯಾನೇಜರನ್ನು ಕೂರಿಸಿ ವಿಚಾರಿಸುತ್ತಾರೆ. ಎರಡಕ್ಕೂ ಕಾರಣ ಪಂಚಾಂಗ. ಅಂಗಡಿ ಬೆಳೆದದ್ದು 4.5% ಮಾತ್ರ. ಬಟ್ಟೆಯ ಬೆಲೆಯೇ ಅಷ್ಟು ಏರಿದ್ದರೆ ಮಾರಿದ ಪೀಸುಗಳ ಸಂಖ್ಯೆ ಏರಿಯೇ ಇಲ್ಲ.

ದಾರಿ ಎರಡಿವೆ. ಸುಲಭದ್ದು, ಅಕ್ಟೋಬರ್–ನವೆಂಬರ್ ಸೇರಿಸಿ ಒಂದೇ ಕಾರ್ಡ್ ಮಾಡುವುದು. ದೀಪಾವಳಿ ಆ ಎರಡು ತಿಂಗಳ ಆಚೆ ಹೋಗುವುದಿಲ್ಲ, ಆದ್ದರಿಂದ ಇದು ಪ್ರತಿ ವರ್ಷ ನಡೆಯುತ್ತದೆ. ಇನ್ನೊಂದು, ಹಬ್ಬದಿಂದ ಹಿಂದಕ್ಕೆ ದಿನ ಎಣಿಸುವುದು. ಒಂದು ಪುಟ್ಟ ಶೀಟ್‌ನಲ್ಲಿ ಪ್ರತಿ ವರ್ಷದ ಹಬ್ಬದ ತಾರೀಕು ಬರೆದಿಡಿ. ಪ್ರತಿ ದಿನದ ಮಾರಾಟದ ಪಕ್ಕ "ಹಬ್ಬಕ್ಕೆ ಎಷ್ಟು ದಿನ ಬಾಕಿ" ಅಂತ ಒಂದು ಕಾಲಂ ಹಾಕಿ. ಆಮೇಲೆ ಈ ವರ್ಷದ "14 ದಿನ ಬಾಕಿ"ಗೆ ಹಿಂದಿನ ವರ್ಷದ "14 ದಿನ ಬಾಕಿ" ಹೋಲಿಸಿ. ಸ್ಟಾಕ್ ತರಿಸುವವರಿಗೆ ಎರಡನೆಯದೇ ಉಪಯೋಗ, ಹಬ್ಬದ ನಡುವೆಯೇ ಮಾಲು ಸಾಲುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಗಣೇಶ ಹಬ್ಬ ಆಗಸ್ಟ್–ಸೆಪ್ಟೆಂಬರ್ ನಡುವೆ, ಯುಗಾದಿ ಮಾರ್ಚ್–ಏಪ್ರಿಲ್ ನಡುವೆ ಓಡಾಡುತ್ತವೆ. ಯುಗಾದಿ ಇನ್ನೂ ತಲೆನೋವು. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ 2024–25ರ ಲೆಕ್ಕದಲ್ಲಿ ಎರಡು ಯುಗಾದಿ ಸೇರಿಕೊಂಡವು. ಇದನ್ನು ಕಾರ್ಡಿನಲ್ಲಿ ಬರೆಯದಿದ್ದರೆ ಮುಂದಿನ ವರ್ಷದ ಬಾಣಕ್ಕೆ ಉತ್ತರ ಕೊಡುವುದು ಕಷ್ಟ.

## ಶೇಕಡಾ ಸಂಖ್ಯೆಯ ಕಾರ್ಡಿಗೆ ಬಾಣವೂ ಶೇಕಡಾದಲ್ಲಿರಬೇಕಾ?

ಬೇಡ, ಅಂಶಗಳಲ್ಲಿ ಹಾಕಿ. ಕಾರಣಕ್ಕೆ ಎಲ್ಲರಿಗೂ ಗೊತ್ತಿರುವ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89, 2024ರ ಪರೀಕ್ಷೆ-1ರಲ್ಲಿ ಶೇ. 73.40. ಇಳಿಕೆ 10.49 ಅಂಶ. ಆದರೆ ಟೂಲ್‌ನಲ್ಲಿ ಶೇಕಡಾ ಬದಲಾವಣೆ ಆಯ್ಕೆ ಮಾಡಿದರೆ 10.49ನ್ನು 83.89ರಿಂದ ಭಾಗಿಸಿ "▼ 12.5%" ಅಂತ ತೋರಿಸುತ್ತದೆ. ಓದುವವರು 83.89ರಿಂದ 12.5 ಕಳೆದು 71.39 ಅಂತ ಲೆಕ್ಕ ಹಾಕುತ್ತಾರೆ, ಕಾರ್ಡಿನಲ್ಲಿ 73.40 ಇರುತ್ತದೆ. ಯಾವುದು ಸರಿ ಅಂತ ಫೋನ್ ಬರುತ್ತದೆ. ಸುಮ್ನೆ "▼ 10.49 ಅಂಶ" ಅಂತ ಬರೆಯಿರಿ.

ಈ ಕಾರ್ಡಿನಲ್ಲಿ ಇನ್ನೂ ಮುಖ್ಯವಾದದ್ದು ಬೇರೆ ಇದೆ. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ಕಣ್ಣಿಟ್ಟರು, ನಕಲು ಕಷ್ಟವಾಯಿತು. ಅದೇ ವರ್ಷ ಫಲಿತಾಂಶ ತೀರಾ ಕುಸಿಯದಿರಲಿ ಅಂತ ಕೃಪಾಂಕವನ್ನೂ ಹೆಚ್ಚಿಸಿದರು. ಒಂದು ಬದಲಾವಣೆ ಸಂಖ್ಯೆಯನ್ನು ಕೆಳಗೆ ಎಳೆಯಿತು, ಇನ್ನೊಂದು ಮೇಲಕ್ಕೆ ಎತ್ತಿತು. ಮಕ್ಕಳ ಓದು ಎಷ್ಟು ಬದಲಾಯಿತು ಅಂತ ಆ 10.49 ಹೇಳುವುದಿಲ್ಲ. ಎರಡು ವರ್ಷ ಅಳೆದ ಅಳತೆಗೋಲೇ ಬೇರೆ ಬೇರೆ.

ಅಳೆಯುವ ರೀತಿ ಬದಲಾದ ವರ್ಷ ಬಾಣವನ್ನೇ ತೆಗೆದುಬಿಡುವುದು ನನ್ನ ಮಟ್ಟಿಗೆ ಸರಿ. ತೆಗೆಯಲು ಬಿಡದಿದ್ದರೆ "2024ರಲ್ಲಿ ಪರೀಕ್ಷಾ ನಿಗಾ ಮತ್ತು ಕೃಪಾಂಕ ನಿಯಮ ಬೇರೆ" ಅಂತ ಒಂದು ಸಾಲು ಬಾಣದ ಪಕ್ಕದಲ್ಲೇ ಇರಲಿ. ಪುಟದ ಕೊನೆಯ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ.

ಆಫೀಸುಗಳಲ್ಲೂ ಇದು ನಡೆಯುತ್ತಲೇ ಇರುತ್ತದೆ. ಹಿಂದಿನ ತಿಂಗಳವರೆಗೆ ಫೋನ್ ದೂರು ಮಾತ್ರ ಎಣಿಸುತ್ತಿದ್ದರು, ಈ ತಿಂಗಳಿಂದ ವಾಟ್ಸಾಪ್ ದೂರನ್ನೂ ಸೇರಿಸಿದರು. ದೂರು "▲ 80%". ಯಾರ ಕೆಲಸವೂ ಕೆಟ್ಟಿಲ್ಲ.

## ಹಿಂದಿನ ಸಂಖ್ಯೆ ಸೊನ್ನೆ ಅಥವಾ ನಷ್ಟ ಇದ್ದರೆ?

ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ, ಕಾರ್ಡಿನಲ್ಲಿ `#DIV/0!` ಬರುತ್ತದೆ. ಅದಾದರೂ ಕಣ್ಣಿಗೆ ಬೀಳುತ್ತದೆ. ನಷ್ಟದ್ದು ಗೊತ್ತೇ ಆಗುವುದಿಲ್ಲ.

ಕಳೆದ ತಿಂಗಳು 2 ಲಕ್ಷ ನಷ್ಟ, ಈ ತಿಂಗಳು 1 ಲಕ್ಷ ಲಾಭ. ಮಾಮೂಲಿ ಸೂತ್ರ ಹಾಕಿದರೆ 3ನ್ನು ಮೈನಸ್ 2ರಿಂದ ಭಾಗಿಸಿ "▼ 150%" ಅಂತ ಬರುತ್ತದೆ. ಲಾಭಕ್ಕೆ ಬಂದ ತಿಂಗಳೇ ಕೆಂಪು ಬಾಣ! ಹಾಗಾಗಿ ಹಿಂದಿನ ಸಂಖ್ಯೆ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಶೇಕಡಾ ಬಿಟ್ಟು ಗೆರೆ ತೋರಿಸಿ:

```
=IF(B2<=0,"—",(B1-B2)/B2)
```

`B1` ಈ ಸಲದ್ದು, `B2` ಹಿಂದಿನದು. ಆ ಕಡೆ "₹ 3 ಲಕ್ಷ ಜಾಸ್ತಿ" ಅಂತ ವ್ಯತ್ಯಾಸವನ್ನೇ ಬರೆಯಿರಿ. ಎಕ್ಸೆಲ್ ಅಥವಾ ಶೀಟ್ಸ್‌ನಲ್ಲಿ ಬಾಣ ತಾನೇ ಬರಲು ಸೆಲ್‌ಗೆ ಈ ನಂಬರ್ ಫಾರ್ಮ್ಯಾಟ್ ಕೊಡಿ:

```
[Green]▲ 0.0%;[Red]▼ 0.0%;"—"
```

ಹಿಂದಿನ ಸಂಖ್ಯೆ ತುಂಬಾ ಚಿಕ್ಕದಿದ್ದರೂ ಹೀಗೇ. ಎರಡು ಅರ್ಜಿ ಇದ್ದದ್ದು ಆರಾದರೆ "▲ 200%". "2 ಇತ್ತು, ಈಗ 6" ಅಂದರೆ ಮುಗಿಯಿತು.

## 12% ಇಳಿದರೆ ಗಾಬರಿ ಆಗಬೇಕಾ? ಎಷ್ಟು ಇಳಿದರೆ ನಿಜವಾದ ಇಳಿಕೆ?

ಆ ಸಂಖ್ಯೆ ಮಾಮೂಲಾಗಿ ಎಷ್ಟು ಓಲಾಡುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಇದಕ್ಕೆ ಕೈಲೆಕ್ಕದಲ್ಲೇ ಆಗುವ ಒಂದು ವಿಧಾನ ಇದೆ. ಕಾರ್ಖಾನೆಗಳ ಗುಣಮಟ್ಟ ವಿಭಾಗದವರು ಬಹಳ ಕಾಲದಿಂದ ಬಳಸುತ್ತಾರೆ.

ಒಂದು ಮೆಸ್ಸಿನ ಹತ್ತು ವಾರದ ಪಾರ್ಸೆಲ್ ಲೆಕ್ಕ: 212, 198, 225, 207, 219, 201, 230, 210, 204, 222. ಹನ್ನೊಂದನೇ ವಾರ 195 ಬಂತು. ಕಾರ್ಡ್ "▼ 12%" ಅನ್ನುತ್ತದೆ.

ಮೊದಲು ಹತ್ತು ವಾರದ ಸರಾಸರಿ ತೆಗೆಯಿರಿ: 212.8. ಆಮೇಲೆ ಒಂದು ವಾರಕ್ಕೂ ಮುಂದಿನ ವಾರಕ್ಕೂ ಇರುವ ವ್ಯತ್ಯಾಸ ಬರೆಯಿರಿ, ಪ್ಲಸ್ ಮೈನಸ್ ಬಿಟ್ಟು: 14, 27, 18, 12, 18, 29, 20, 6, 18. ಇವುಗಳ ಸರಾಸರಿ 18. ಇದನ್ನು 2.66ರಿಂದ ಗುಣಿಸಿದರೆ ಸುಮಾರು 48. ಸರಾಸರಿಗೆ ಇದನ್ನು ಕೂಡಿಸಿ, ಕಳೆಯಿರಿ. 165ರಿಂದ 261ರವರೆಗೆ ಈ ಮೆಸ್ಸಿನ ಮಾಮೂಲಿ ಓಲಾಟ.

195 ಅದರ ಒಳಗೇ ಇದೆ. ಅಡುಗೆಯವರನ್ನು ಪ್ರಶ್ನಿಸಲು ಇದು ಕಾರಣವಲ್ಲ. 160 ಬಂದಿದ್ದರೆ ಹುಡುಕಬೇಕಿತ್ತು: ಪಕ್ಕದ ಪಿಜಿ ಖಾಲಿಯಾಯಿತೋ, ಆ್ಯಪ್‌ನಲ್ಲಿ ಅಂಗಡಿ ಮುಚ್ಚಿದೆ ಅಂತ ತೋರಿಸುತ್ತಿತ್ತೋ.

ಒಂದು ಎಚ್ಚರಿಕೆ. ವಾರ ವಾರ ಸ್ವಲ್ಪ ಸ್ವಲ್ಪವೇ ಜಾರುತ್ತಾ ಹೋದರೆ ಒಂದು ವಾರವೂ 165ಕ್ಕಿಂತ ಕೆಳಗೆ ಹೋಗದೇ ಇರಬಹುದು. ಸತತ ಎಂಟು ವಾರ ಸರಾಸರಿಯ ಒಂದೇ ಬದಿಯಲ್ಲಿದ್ದರೂ ಬದಲಾವಣೆ ಆಗಿದೆ ಅಂತ ತೆಗೆದುಕೊಳ್ಳಿ. ಒಂಟಿ ಬಾಣ ಈ ಜಾರುವಿಕೆಯನ್ನು ಎಂದೂ ತೋರಿಸುವುದಿಲ್ಲ. ಅದಕ್ಕೇ ಕಾರ್ಡಿನ ಅಡಿಯಲ್ಲಿ ಹಿಂದಿನ ಹನ್ನೆರಡು ವಾರದ ಪುಟ್ಟ ಗೆರೆ ಹಾಕಿ ಅಂತ ಹೇಳುವುದು. ಶೀಟ್ಸ್‌ನಲ್ಲಿ `=SPARKLINE(A1:A12)` ಅಂದರೆ ಸಾಕು.

## ಬಾಣ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು, ಸರಿ ತಾನೇ?

ಮಾರಾಟಕ್ಕೆ ಸರಿ. ದೂರು, ಬಾಕಿ ಅರ್ಜಿ, ಕಾಯುವ ಸಮಯಕ್ಕೆ ಉಲ್ಟಾ. ಪವರ್ ಬಿಐನ KPI ಕಾರ್ಡಿನಲ್ಲಿ `Low is good` ಆಯ್ಕೆ ಇದೆ, ಗ್ರಾಫಾನಾದಲ್ಲಿ `Inverted`. ಕೆಲವಕ್ಕೆ ಎರಡೂ ಸಲ್ಲದು. ಅಣೆಕಟ್ಟಿನ ಹೊರಹರಿವು ಏರಿದರೆ ನಾಲೆಯ ರೈತನಿಗೆ ಒಳ್ಳೆಯದು, ನದಿ ದಡದ ಊರಿಗೆ ಎಚ್ಚರಿಕೆ. ಅಂಥ ಕಡೆ ಬೂದು ಬಣ್ಣ ಹಾಕಿ.

## ಈ ವಾರದ ರಿಟರ್ನ್ ಪ್ರಮಾಣ ಯಾವಾಗಲೂ ಕಡಿಮೆ ಕಾಣುತ್ತದೆ, ಯಾಕೆ?

ಈ ವಾರ ಮಾರಿದ ಮಾಲು ಇನ್ನೂ ವಾಪಸ್ ಬಂದಿಲ್ಲ, ಅಷ್ಟೇ. ಆನ್‌ಲೈನ್‌ನಲ್ಲಿ ಮಾರಿದ ಸೀರೆ ಗಿರಾಕಿಗೆ ತಲುಪಿ, ಬೇಡ ಅಂತ ಹೊರಟು, ಮತ್ತೆ ಅಂಗಡಿಗೆ ಬರಲು ದಿನಗಳು ಬೇಕು. ನೀವು ಏಳು ದಿನದ ರಿಟರ್ನ್ ಅವಧಿ ಕೊಟ್ಟಿದ್ದು, ಸಾಗಣೆಗೆ ಇನ್ನೊಂದು ವಾರ ಹಿಡಿದರೆ, ಎರಡು ಮೂರು ವಾರ ಹಳೆಯ ಮಾರಾಟಕ್ಕೆ ಮಾತ್ರ ಈ ಪ್ರಮಾಣ ಲೆಕ್ಕ ಹಾಕಿ. ಕಾರ್ಡಿನ ಹೆಸರಲ್ಲೇ "3 ವಾರ ಹಿಂದಿನ ಆರ್ಡರ್‌ಗಳು" ಅಂತ ಇರಲಿ. ಇಲ್ಲದಿದ್ದರೆ ಬಾಣ ಪ್ರತಿ ಸೋಮವಾರ ಶುಭ ಸುದ್ದಿ ಹೇಳಿ, ಆಮೇಲೆ ಸದ್ದಿಲ್ಲದೆ ಬದಲಾಗುತ್ತದೆ.

## ಹಾಗಾದರೆ ಕಾರ್ಡಿನ ಮೇಲೆ ಏನೇನು ಬರೆಯಬೇಕು? ಜಾಗವೇ ಇರುವುದಿಲ್ಲವಲ್ಲ.

ಜಾಗ ಸಾಕಾಗುತ್ತದೆ. ಮೇಲಿನ ದಿನಸಿ ಅಂಗಡಿಯ ಕಾರ್ಡ್ ಹೀಗಿರಬಹುದು:

```
ಮಾರಾಟ, ಜುಲೈ 1–10
₹ 4.3 ಲಕ್ಷ
▲ 4.9%  ಜೂನ್ 1–10ಕ್ಕಿಂತ (₹ 4.1 ಲಕ್ಷ)
ಜುಲೈ 10, ರಾತ್ರಿ 9ರವರೆಗಿನ ಬಿಲ್‌ಗಳು
```

ನಾಲ್ಕು ಸಾಲು. ಹೋಲಿಕೆಯ ಸಂಖ್ಯೆ ಆವರಣದಲ್ಲೇ ಇರುವುದರಿಂದ ಯಾರು ಬೇಕಾದರೂ ಲೆಕ್ಕ ಪರೀಕ್ಷಿಸಬಹುದು. ಕೊನೆಯ ಸಾಲನ್ನು ತುಂಬಾ ಜನ ಬಿಡುತ್ತಾರೆ. ಬಿಲ್ಲಿಂಗ್ ಕಂಪ್ಯೂಟರ್ ಎರಡು ದಿನ ಸಿಂಕ್ ಆಗಿಲ್ಲ ಅಂದರೆ ಬಾಣ ಕೆಂಪಾಗುತ್ತದೆ, ಮೊದಲು ನೋಡಬೇಕಾದದ್ದು ಆ ಸಾಲನ್ನೇ.

## ಗುರಿಗೆ ಹೋಲಿಸುವ ಬಾಣ ಹೇಗೆ?

ತಿಂಗಳ ಗುರಿ 15 ಲಕ್ಷ, 10ನೇ ತಾರೀಕಿಗೆ 4.3 ಲಕ್ಷ. "ಗುರಿಗಿಂತ ▼ 71%" ಅಂತ ತೋರಿಸಿದರೆ ಮೇಲೆ ಹೇಳಿದ ಹತ್ತು ದಿನ–ಮೂವತ್ತು ದಿನದ ತಪ್ಪೇ ಮತ್ತೆ. ಗುರಿಯನ್ನು ದಿನಗಳಿಗೆ ಹಂಚಬೇಕು, ಅದೂ ಸಮನಾಗಿ ಅಲ್ಲ. ಜೂನ್‌ನಲ್ಲಿ ಮೊದಲ ಹತ್ತು ದಿನದಲ್ಲಿ 12ರಲ್ಲಿ 4.1 ಲಕ್ಷ ಬಂದಿತ್ತು, ಅಂದರೆ ಸುಮಾರು 34%. ಅದೇ ಪ್ರಮಾಣದಲ್ಲಿ 15 ಲಕ್ಷಕ್ಕೆ 10ನೇ ತಾರೀಕಿನ ಗುರಿ 5.1 ಲಕ್ಷ. ಈಗ 4.3 ಅಂದರೆ ಸುಮಾರು 80 ಸಾವಿರ ಹಿಂದಿದ್ದೀರಿ.

ಕಳೆದ ತಿಂಗಳಿಗಿಂತ 4.9% ಮುಂದೆ, ಗುರಿಗಿಂತ 80 ಸಾವಿರ ಹಿಂದೆ. ಎರಡೂ ಒಟ್ಟಿಗೆ ನಿಜ. ಇವನ್ನು ಎರಡು ಕಾರ್ಡಾಗಿ ಒಡೆಯಬೇಡಿ, ಒಂದರ ಕೆಳಗೆ ಒಂದು ಸಾಲಾಗಿ ಹಾಕಿ. ಮತ್ತೆ 15 ಲಕ್ಷದ ಗುರಿಯನ್ನು ಯಾರು, ಯಾವ ಲೆಕ್ಕದಲ್ಲಿ ಇಟ್ಟರು ಅಂತ ಒಮ್ಮೆ ವಿಚಾರಿಸಿ. 12ರಿಂದ 15ಕ್ಕೆ ಅಂದರೆ ಒಂದೇ ತಿಂಗಳಲ್ಲಿ 25% ಏರಿಕೆ ಕೇಳಿದ ಹಾಗೆ.